ತಣ್ಣನೆಯ ಎಂಜಿನ್‌ನಿಂದ ಶುರುವಾಗುವ ಅರ್ಧ ಗಂಟೆ

ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟವರು ಮಾರುವವರಿಗೆ ಫೋನಿನಲ್ಲೇ ಹೇಳಿಡಬೇಕು: ‘ನಾನು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡ್ಬೇಡಿ.’ ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ನೆರಳಲ್ಲಿ ನಿಂತ ಕಾರಿನ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುವುದು ಮೇಲು. ಎಷ್ಟೋ ತೊಂದರೆಗಳು ತಣ್ಣನೆಯ ಎಂಜಿನ್‌ನಲ್ಲಿ ಮಾತ್ರ ಬಾಯಿಬಿಡುತ್ತವೆ.

ಕೀ ತಿರುಗಿಸಿದಾಗ ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿಕೊಂಡು, ಸ್ಟಾರ್ಟ್ ಆದಮೇಲೆ ಆರಬೇಕು. ಹೊತ್ತಿಕೊಳ್ಳಲೇ ಇಲ್ಲವೆಂದರೆ ಯಾರೋ ಅದರ ಬಾಯಿ ಕಟ್ಟಿರಬಹುದು. ಜೊತೆಗೆ ಬಂದವರು ಸೈಲೆನ್ಸರ್ ಹಿಂದೆ ನಿಂತಿರಲಿ. ತೆಳುವಾದ ಬಿಳಿ ಆವಿ ಬಂದು ಬೇಗ ಕರಗಿದರೆ ಚಿಂತೆಯಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಅಂಥ ಕಾರು ಎಷ್ಟು ಅಗ್ಗವಾದರೂ ನಾನಂತೂ ಬೇಡ ಎನ್ನುತ್ತೇನೆ.

ಮ್ಯೂಸಿಕ್, ಎಸಿ ಆಫ್ ಮಾಡಿ, ಕಿಟಕಿ ಇಳಿಸಿ ಹೊರಡಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಿದ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಕ್ಲಚ್. ಖಾಲಿ ರಸ್ತೆ ಸಿಕ್ಕಾಗ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿದ್ದು ಆಕ್ಸಿಲರೇಟರ್ ಚೆನ್ನಾಗಿ ಒತ್ತಿ. ಎಂಜಿನ್ ಸದ್ದೂ ವೇಗವೂ ಒಟ್ಟೊಟ್ಟಿಗೆ ಏರಬೇಕು. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ, ಕಾರು ಮಾತ್ರ ಅದೇ ವೇಗದಲ್ಲಿ ಉಳಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಪೆಡಲನ್ನು ಬಹುತೇಕ ಪೂರ್ತಿ ಬಿಟ್ಟಮೇಲಷ್ಟೇ ಕಾರು ಚಲಿಸುವುದೂ ಸವೆತದ ಸುಳಿವು. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ಸಾಕಷ್ಟಾಗುತ್ತದೆ. ಇದಕ್ಕಾಗಿ ಕಾರು ಬಿಡಬೇಕಿಲ್ಲ. ಗ್ಯಾರೇಜಿನಲ್ಲಿ ಖರ್ಚು ಕೇಳಿ, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಹೇಳಿ.

ಹಿಂದೆ ಯಾರೂ ಇಲ್ಲದಾಗ 50ರ ವೇಗದಿಂದ ಸ್ಟಿಯರಿಂಗ್ ಹಗುರವಾಗಿ ಹಿಡಿದು ಬ್ರೇಕ್ ಒತ್ತಿ. ಕಾರು ಒಂದೇ ಪಕ್ಕಕ್ಕೆ ಎಳೆಯಬಾರದು, ಪೆಡಲ್ ಕಾಲಿನಡಿ ಮಿಡಿಯಬಾರದು. ಬ್ರೇಕ್ ಹಿಡಿಯದೆಯೂ ಎಡಕ್ಕೆ ತುಸು ವಾಲಿದರೆ ಗಾಬರಿ ಬೇಡ, ನಮ್ಮ ರಸ್ತೆಗಳೇ ಅಂಚಿನತ್ತ ಇಳಿಜಾರಾಗಿರುತ್ತವೆ. ಹಂಪ್‌ಗಳನ್ನು ನಿಧಾನಕ್ಕೆ ದಾಟಿ, ‘ದಡ್’ ಎನ್ನುವ ಸದ್ದು ಬಂದರೆ ಸಸ್ಪೆನ್ಷನ್ ಬುಷ್‌ಗಳು ಸವೆದಿರಬಹುದು. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆಗೆ ಸುತ್ತು ಹಾಕಿ. ಚಕ್ರದ ಬಳಿ ‘ಟಕ್ ಟಕ್ ಟಕ್’ ಕೇಳಿಸಿದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಹೋಗಿದೆ.

ವಾಪಸ್ ಬಂದಮೇಲೆ ಎಂಜಿನ್ ಆಫ್ ಮಾಡುವ ಆತುರ ಬೇಡ. ಬಿಸಿ ಎಂಜಿನ್ ಹೇಳುವುದು ಇನ್ನೂ ಬಾಕಿಯಿದೆ. ಎಸಿ ಹಾಕಿ ಐದು ನಿಮಿಷ ನಿಲ್ಲಿಸಿ. ರೇಡಿಯೇಟರ್ ಫ್ಯಾನ್ ತಿರುಗಬೇಕು, ಟೆಂಪರೇಚರ್ ಮುಳ್ಳು ಕೆಂಪಿನತ್ತ ಏರಬಾರದು. ಆಮೇಲೆ ಬಗ್ಗಿ ಕಾರಿನಡಿ ನೋಡಿ. ಬಣ್ಣವಿಲ್ಲದ ನೀರು ತೊಟ್ಟಿಕ್ಕುವುದು ಎಸಿಯದ್ದು. ಹಸಿರು, ಗುಲಾಬಿ ಬಣ್ಣದ್ದಾದರೆ ಕೂಲೆಂಟ್, ಕಪ್ಪು ಜಿಡ್ಡಾದರೆ ಆಯಿಲ್. ಎರಡರಲ್ಲಿ ಯಾವುದು ಕಂಡರೂ ಪರಿಚಯದ ಮೆಕ್ಯಾನಿಕ್ ನೋಡುವ ತನಕ ಅಡ್ವಾನ್ಸ್ ಕೊಡಬೇಡಿ.