ಕಿತ್ತೂರಿಗೆ ಡಾಲ್‌ಹೌಸಿ ಬಂದದ್ದು ಹೇಗೆ?

ಹತ್ತನೇ ತರಗತಿಯ ಪ್ರೀತಿಯ ಮಕ್ಕಳೇ,

ಪೂರ್ವಸಿದ್ಧತಾ ಪರೀಕ್ಷೆಯ ಸಮಾಜ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ತಿದ್ದಿ ಮುಗಿಸಿದ್ದೇನೆ. ಸೋಮವಾರ ನಿಮ್ಮ ಕೈಗೆ ಬರುತ್ತವೆ. ಬಂದ ತಕ್ಷಣ ಅಂಕ ಕೂಡಿಸಿ ನೋಡುತ್ತೀರಿ, ಪಕ್ಕದವರದ್ದನ್ನು ಕದ್ದು ನೋಡುತ್ತೀರಿ, ಆಮೇಲೆ ಮಡಚಿ ಚೀಲಕ್ಕೆ ತುರುಕುತ್ತೀರಿ. ನಾನು ಅಂಚಿನಲ್ಲಿ ಬರೆದದ್ದನ್ನು ಓದುವವರು ಕಡಿಮೆ. ಅದಕ್ಕೇ ಈ ಪತ್ರ ಮೊದಲೇ ಬರೆಯುತ್ತಿದ್ದೇನೆ.

ಎಲ್ಲ ಪ್ರಶ್ನೆಗಳ ಬಗ್ಗೆಯೂ ಹೇಳಲು ಹೋಗುವುದಿಲ್ಲ. ಇತಿಹಾಸ ವಿಭಾಗದ ನಾಲ್ಕು ಅಂಕದ ಒಂದು ಪ್ರಶ್ನೆ ಸಾಕು: "ಕಿತ್ತೂರು ಬ್ರಿಟಿಷರ ವಿರುದ್ಧ ಹೋರಾಡಲು ಕಾರಣಗಳೇನು?" ಸುಲಭವೆಂದು ಹೆಚ್ಚಿನವರು ಇದನ್ನೇ ಮೊದಲು ಬರೆದಿದ್ದೀರಿ. ಅಂಕ ಹೆಚ್ಚು ಸೋರಿದ್ದೂ ಇಲ್ಲೇ.

ನಿಮ್ಮ ಉತ್ತರಗಳನ್ನೆಲ್ಲ ಕಲಸಿ ಒಂದು ಮಾಡಿದರೆ ಹೀಗಿರುತ್ತದೆ: "ರಾಣಿ ಚೆನ್ನಮ್ಮ ಕಾಕತಿಯಲ್ಲಿ ಹುಟ್ಟಿದಳು. ಕುದುರೆ ಸವಾರಿ, ಕತ್ತಿವರಸೆ ಕಲಿತಿದ್ದಳು. ಅವಳು ಮಹಾ ದೇಶಭಕ್ತೆ. ಡಾಲ್‌ಹೌಸಿ ಜಾರಿಗೆ ತಂದ ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯನ್ನು ಅವಳು ವಿರೋಧಿಸಿದಳು. ಕಪ್ಪ ಕೊಡಲು ನಿರಾಕರಿಸಿದಳು. ಯುದ್ಧದಲ್ಲಿ ಥ್ಯಾಕರೆ ಸತ್ತನು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು."

ಅಕ್ಷರ ದುಂಡಗಿದೆ, ಹೆಸರುಗಳಿಗೆ ಅಡಿಗೆರೆಯೂ ಇದೆ. ಆದರೂ ನಾಲ್ಕಕ್ಕೆ ಒಂದೂವರೆ. ಯಾಕೆಂದು ಒಂದೊಂದೇ ವಾಕ್ಯ ಹಿಡಿದು ನೋಡೋಣ.

ಪ್ರಶ್ನೆ ಕೇಳಿದ್ದು ಕಾರಣ. ಕಾಕತಿ, ಕುದುರೆ, ಕತ್ತಿವರಸೆ ಇವು ಚೆನ್ನಮ್ಮನ ಪರಿಚಯ. ಅವಳಿಗೆ ಕುದುರೆ ಏರಲು ಬಾರದಿದ್ದರೂ ಥ್ಯಾಕರೆ ಕಿತ್ತೂರಿಗೆ ಬಂದೇ ಬರುತ್ತಿದ್ದ. ಥ್ಯಾಕರೆಯ ಸಾವು, ರಾಯಣ್ಣನ ಗಲ್ಲು ಹೋರಾಟ ಶುರುವಾದ ಮೇಲಿನ ಸಂಗತಿಗಳು. ಅಂದರೆ ಏಳು ವಾಕ್ಯಗಳಲ್ಲಿ ಪ್ರಶ್ನೆಯ ಹತ್ತಿರ ಸುಳಿದದ್ದು ಎರಡೇ, ನೀತಿಯದ್ದು ಮತ್ತು ಕಪ್ಪದ್ದು. "ದೇಶಭಕ್ತೆ" ಎಂಬ ಮಾತಿಗೂ ಅಂಕ ಕೊಡಲಾಗುವುದಿಲ್ಲ. ಅದು ಮೆಚ್ಚುಗೆ. ಹೋರಾಟ 1824ರ ಅಕ್ಟೋಬರ್‌ನಲ್ಲೇ ಏಕೆ ಸಿಡಿಯಿತು, ಎರಡು ವರ್ಷ ಮೊದಲು ಏಕಿಲ್ಲ ಎಂದು ಅದರಿಂದ ತಿಳಿಯುವುದಿಲ್ಲ.

ಈಗ ಡಾಲ್‌ಹೌಸಿಯ ವಿಷಯಕ್ಕೆ ಬರೋಣ. ಇದನ್ನು ನೀವು ಮಾತ್ರವಲ್ಲ, ಭಾಷಣ ಮಾಡುವ ದೊಡ್ಡವರೂ ಹೇಳುತ್ತಾರೆ. ಕಿತ್ತೂರಿನ ಮೊದಲ ಯುದ್ಧ ನಡೆದದ್ದು 1824ರ ಅಕ್ಟೋಬರ್ 23ರಂದು. ಡಾಲ್‌ಹೌಸಿ ಹುಟ್ಟಿದ್ದು 1812ರಲ್ಲಿ. ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದ ದಿನ ಅವನು ಹನ್ನೆರಡು ವರ್ಷದ ಹುಡುಗ, ನಿಮಗಿಂತ ಚಿಕ್ಕವನು. ಗವರ್ನರ್ ಜನರಲ್ ಆಗಿ ಅವನು ಭಾರತಕ್ಕೆ ಬಂದದ್ದು 1848ರಲ್ಲಿ. ಆಗ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. 1824ರಲ್ಲಿ ಗವರ್ನರ್ ಜನರಲ್ ಆಗಿದ್ದವನು ಆಮ್‌ಹರ್ಸ್ಟ್. ಧಾರವಾಡ ಸೇರಿದ್ದು ಮುಂಬೈ ಸರ್ಕಾರಕ್ಕೆ, ಅಲ್ಲಿ ಗವರ್ನರ್ ಎಲ್ಫಿನ್‌ಸ್ಟನ್.

ಈ ತಪ್ಪು ಹೇಗೆ ಆಗುತ್ತದೆಂದು ನನಗೆ ಗೊತ್ತು. "ದತ್ತು" ಎಂದರೆ "ಡಾಲ್‌ಹೌಸಿ" ಎಂದು ಗೈಡ್ ಓದಿ ಬಾಯಿಪಾಠ ಮಾಡಿದ್ದೀರಿ. ಕಿತ್ತೂರಿನ ಕಥೆಯಲ್ಲೂ ದತ್ತುಮಗ ಬರುತ್ತಾನೆ, ಪೆನ್ನು ತಾನಾಗಿಯೇ ಡಾಲ್‌ಹೌಸಿ ಎಂದು ಬರೆದುಬಿಡುತ್ತದೆ. ದತ್ತಕವನ್ನು ಕಂಪನಿ ಮಾನ್ಯ ಮಾಡಲಿಲ್ಲ ಎಂಬಷ್ಟು ಸರಿ. ಸಂಸ್ಥಾನಿಕರು ದತ್ತು ತೆಗೆದುಕೊಳ್ಳಲು ತನ್ನ ಒಪ್ಪಿಗೆ ಬೇಕೆಂದು ಕಂಪನಿಯ ಅಧಿಕಾರಿಗಳು ಡಾಲ್‌ಹೌಸಿಗಿಂತ ಮೊದಲೇ ತಕರಾರು ತೆಗೆಯುತ್ತಿದ್ದರು. ಅದನ್ನು ಪಟ್ಟುಹಿಡಿದು ಸಾತಾರಾ, ಝಾನ್ಸಿ, ನಾಗಪುರಗಳ ಮೇಲೆ ಪ್ರಯೋಗಿಸಿದವನು ಡಾಲ್‌ಹೌಸಿ. ಸಾತಾರಾ ಹೋದದ್ದು 1848ರಲ್ಲಿ. ಕಿತ್ತೂರು ಅದಕ್ಕಿಂತ ಇಪ್ಪತ್ತನಾಲ್ಕು ವರ್ಷ ಹಿಂದಿನದು.

ಕಪ್ಪದ ವಿಷಯವೂ ಹೀಗೇ. ನಾಟಕ, ಸಿನಿಮಾಗಳ ಸಂಭಾಷಣೆ ನಿಮ್ಮ ಕಿವಿಯಲ್ಲಿ ಕೂತಿದೆ. ಅದನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಗಂಟಲು ಹರಿಯುವಂತೆ ಹೇಳಿ, ನನ್ನ ತಕರಾರಿಲ್ಲ. ಆದರೆ 1818ರಲ್ಲಿ ಪೇಶ್ವೆ ಸೋತ ಮೇಲೆ ಕಿತ್ತೂರು ಕಂಪನಿಗೆ ವರ್ಷವರ್ಷ ಕಾಣಿಕೆ ಸಲ್ಲಿಸುವ ಸಂಸ್ಥಾನವಾಗಿತ್ತು. 1824ರ ಜಗಳ ಹುಟ್ಟಿದ್ದು ಸಿಂಹಾಸನಕ್ಕೆ ಯಾರು ವಾರಸುದಾರ ಎಂಬುದರಲ್ಲಿ.

ಹಾಗಾದರೆ ನಾಲ್ಕು ಅಂಕದ ಉತ್ತರ ಹೇಗಿರಬೇಕು? ಇಷ್ಟೇ:

"1818ರ ನಂತರ ಕಿತ್ತೂರು ಕಂಪನಿಯ ಅಧೀನ ಸಂಸ್ಥಾನವಾಗಿತ್ತು. ಆದ್ದರಿಂದ ಅದರ ಉತ್ತರಾಧಿಕಾರದಲ್ಲಿ ಕಂಪನಿ ಕೈಹಾಕಲು ಸಾಧ್ಯವಾಯಿತು. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ದತ್ತುಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ಚೆನ್ನಮ್ಮ ಆಡಳಿತ ನಡೆಸಲು ಮುಂದಾದಳು. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ, ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟನು. ಚೆನ್ನಮ್ಮನ ಮನವಿಗಳಿಗೆ ಫಲ ಸಿಗಲಿಲ್ಲ. ಥ್ಯಾಕರೆ ಸೈನ್ಯದೊಂದಿಗೆ ಬಂದಾಗ ಸಂಸ್ಥಾನ ಉಳಿಸಿಕೊಳ್ಳಲು ಯುದ್ಧ ಬಿಟ್ಟು ಬೇರೆ ದಾರಿ ಇರಲಿಲ್ಲ."

ನಿಮ್ಮ ಉತ್ತರಕ್ಕಿಂತ ಇದೇನೂ ಬಹಳ ಉದ್ದವಿಲ್ಲ. ಒಂದು ವಾಕ್ಯ ತೆಗೆದರೆ ಮುಂದಿನದು ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ. ನಿಮ್ಮ ಉತ್ತರದಲ್ಲಿ ವಾಕ್ಯಗಳನ್ನು ಹಿಂದುಮುಂದು ಮಾಡಿದರೂ ಏನೂ ಕೆಡುವುದಿಲ್ಲ. ಮೌಲ್ಯಮಾಪಕರಿಗೆ ಅದು ಮೊದಲ ನೋಟಕ್ಕೇ ತಿಳಿಯುತ್ತದೆ.

ಇದೇ ತಪ್ಪಿನ ಇನ್ನೊಂದು ರೂಪ 1857ರ ರಾಜಕೀಯ ಕಾರಣಗಳ ಉತ್ತರದಲ್ಲಿದೆ. "ಡಾಲ್‌ಹೌಸಿ ದತ್ತು ನೀತಿಯಿಂದ ಸಾತಾರಾ, ಝಾನ್ಸಿ, ಔಧ್ ವಶಪಡಿಸಿಕೊಂಡ" ಎಂದು ಅರ್ಧ ತರಗತಿಯೇ ಬರೆದಿದೆ. ಇಲ್ಲಿ ಡಾಲ್‌ಹೌಸಿ ಸರಿ, ಔಧ್ ತಪ್ಪು. ನವಾಬ ವಾಜಿದ್ ಅಲಿ ಷಾ ಬದುಕಿದ್ದ, ಅವನಿಗೆ ಗಂಡುಮಕ್ಕಳೂ ಇದ್ದರು. ದತ್ತಿನ ಮಾತೇ ಅಲ್ಲಿ ಇಲ್ಲ. ಆಡಳಿತ ಕೆಟ್ಟಿದೆ ಎಂಬ ಆರೋಪ ಹೊರಿಸಿ 1856ರಲ್ಲಿ ರಾಜ್ಯ ಕಿತ್ತುಕೊಂಡರು. ಮರುವರ್ಷ ಲಖನೌದಲ್ಲಿ ದಂಗೆಕೋರರು ಪಟ್ಟಕ್ಕೆ ಕೂರಿಸಿದ್ದು ಅವನದೇ ಮಗ ಬಿರ್ಜಿಸ್ ಖದ್ರ್‌ನನ್ನು. ಔಧ್ ಅನ್ನು ಪಟ್ಟಿಯಿಂದ ಬಿಡಿಸಿ ಒಂದು ವಾಕ್ಯ ಕೊಟ್ಟು ನೋಡಿ: "ಬಂಗಾಳ ಸೈನ್ಯದ ಅನೇಕ ಸಿಪಾಯಿಗಳು ಔಧ್ ಪ್ರಾಂತ್ಯದವರು, ಆದ್ದರಿಂದ ನವಾಬನ ಪದಚ್ಯುತಿ ಅವರ ಊರು ಮನೆಗಳಿಗೇ ತಟ್ಟಿತು." ರಾಜಕೀಯ ಕಾರಣ ಸೈನ್ಯದ ದಂಗೆಗೆ ಹೇಗೆ ಸೇರಿತು ಎಂಬುದು ಈಗ ಗೊತ್ತಾಗುತ್ತದೆ. ಹಸು, ಹಂದಿ ಕೊಬ್ಬಿನ ತೋಟಾ ತಕ್ಷಣದ ಕಾರಣ. ಅದನ್ನು ಕೊನೆಗೆ ಬರೆಯಿರಿ, ಒಂದೇ ವಾಕ್ಯದಲ್ಲಿ. ಕೆಲವರು ಅದಕ್ಕೇ ಮುಕ್ಕಾಲು ಪುಟ ಕೊಟ್ಟಿದ್ದೀರಿ.

ತಿದ್ದಿಕೊಳ್ಳುವುದು ಕಷ್ಟವಲ್ಲ. ಕಾರಣದ ಪ್ರಶ್ನೆ ಬಂದರೆ, ಬರೆಯುವ ಮೊದಲು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಘಟನೆಯ ಇಸವಿ ಹಾಕಿ. ನೀವು ತರಬೇಕೆಂದಿರುವ ವ್ಯಕ್ತಿ, ಕಾಯಿದೆ, ಒಪ್ಪಂದಗಳ ಇಸವಿಯನ್ನು ಅದರ ಕೆಳಗೆ ಬರೆಯಿರಿ. ಘಟನೆಗಿಂತ ಮುಂದಿನ ಇಸವಿಯದ್ದು ಯಾವುದೂ ಕಾರಣವಾಗಲಾರದು, ಹೊಡೆದುಹಾಕಿ. ಇಸವಿ ನೆನಪಿಲ್ಲದಿದ್ದರೆ ಹೆಸರನ್ನೇ ಬಿಡಿ. "ಕಂಪನಿಯು ದತ್ತಕವನ್ನು ಒಪ್ಪಲಿಲ್ಲ" ಎಂದಷ್ಟೇ ಬರೆದಿದ್ದವರಿಗೆ ಆ ಅಂಶದ ಪೂರ್ತಿ ಅಂಕ ಕೊಟ್ಟಿದ್ದೇನೆ. ಉಳಿದ ಪ್ರತಿ ಅಂಶದ ಮುಂದೆ "ಆದ್ದರಿಂದ" ಎಂದು ಹಾಕಿ ವಾಕ್ಯ ಮುಗಿಸಲು ಬರುತ್ತದೆಯೇ ನೋಡಿ. ಬಾರದಿದ್ದರೆ ಅದು ಕಾರಣವಲ್ಲ, ಮಾಹಿತಿ.

ಸೋಮವಾರ ಪತ್ರಿಕೆ ಪಡೆದ ಮೇಲೆ ಕಿತ್ತೂರಿನ ಉತ್ತರವನ್ನು ಎಲ್ಲರೂ ಮತ್ತೆ ಬರೆಯಬೇಕು, ಪೂರ್ತಿ ಅಂಕ ಬಂದವರೂ ಸೇರಿ. ಮೇಲೆ ನಾನು ಕೊಟ್ಟ ಉತ್ತರವನ್ನು ನಕಲು ಮಾಡಬೇಡಿ. ಗೈಡ್ ಮುಚ್ಚಿಡಿ, ಪಠ್ಯಪುಸ್ತಕ ತೆರೆದಿಡಿ, ಅಂಚಿನಲ್ಲಿ ಇಸವಿಗಳು ನನಗೆ ಕಾಣಬೇಕು. ಬುಧವಾರ ಮೊದಲ ಅವಧಿಗೆ ತನ್ನಿ.

ಇತಿ,
ನಿಮ್ಮ ಸಮಾಜ ವಿಜ್ಞಾನದ ಮೇಷ್ಟ್ರು