ಲಾಡ್ ಬಜಾರಿನ ಬಳೆಗಳೂ ತಡಕಾಡುವ ಮಸೂರವೂ

ಹೈದರಾಬಾದಿನ ಚಾರ್ಮಿನಾರಿನಿಂದ ಪಶ್ಚಿಮಕ್ಕೆ ಚಾಚಿಕೊಂಡಿರುವ ಲಾಡ್ ಬಜಾರಿನಲ್ಲಿ, ಕೆಂಡದ ಶಾಖಕ್ಕೆ ಮೆತ್ತಗಾದ ಅರಗನ್ನು ಎಳೆದು, ಉಂಗುರಾಕಾರಕ್ಕೆ ಬಾಗಿಸಿ, ಅದು ಆರುವ ಮೊದಲೇ ಗಾಜಿನ ಹರಳುಗಳನ್ನು ಒಂದೊಂದಾಗಿ ಒತ್ತಿ ಕೂರಿಸುವ ಕುಶಲಕರ್ಮಿಗಳನ್ನು ವಿಡಿಯೋದಲ್ಲಿ ಹಿಡಿಯಹೊರಟವರಿಗೆ, ಅವರ ಮುಖದಿಂದ ಕೈಯಲ್ಲಿರುವ ಬಳೆಯತ್ತ ಫೋಕಸ್ ಸಾಗಬೇಕಾದ ಆ ಒಂದು ಕ್ಷಣದಲ್ಲಿಯೇ ತೊಡಕು ಎದುರಾಗುವುದುಂಟು. ಬಿಂಬವು ಒಮ್ಮೆ ಸ್ಫುಟವಾಗಿ, ಮರುಕ್ಷಣವೇ ಮಸುಕಾಗಿ, ಮತ್ತೆ ಸ್ಫುಟವಾಗುತ್ತದೆ. ಅದರೊಡನೆಯೇ ಚಿತ್ರದ ಚೌಕಟ್ಟೂ ಹಿಗ್ಗಿ ಕುಗ್ಗಿದಂತೆ ಕಾಣುತ್ತದೆ. ಮೊದಲನೆಯದನ್ನು ಛಾಯಾಗ್ರಾಹಕರು ಹಂಟಿಂಗ್ ಎಂದೂ ಎರಡನೆಯದನ್ನು ಬ್ರೀದಿಂಗ್ ಎಂದೂ ಕರೆಯುತ್ತಾರೆ. ಇವೆರಡರ ಕಾರಣಗಳು ಬೇರೆಬೇರೆ. ಆದರೂ ಒಂದು ಇನ್ನೊಂದನ್ನು ಬಯಲಿಗೆಳೆಯುವುದರಿಂದ ಎರಡನ್ನೂ ಒಟ್ಟಿಗೇ ಅರಿಯುವುದು ಲೇಸು.

ಆಟೋಫೋಕಸಿನ ಹಳೆಯ ವಿಧಾನವು ಬಿಂಬದ ಬೆಳಕು ನೆರಳುಗಳ ವ್ಯತ್ಯಾಸವನ್ನು ಅಳೆಯುವುದು. ಮಸೂರವನ್ನು ಸ್ವಲ್ಪ ಸರಿಸಿ ಆ ವ್ಯತ್ಯಾಸ ಹೆಚ್ಚಿತೆ, ತಗ್ಗಿತೆ ಎಂದು ನೋಡಬೇಕು, ಹೆಚ್ಚುತ್ತಿದ್ದರೆ ಮುಂದುವರಿಯಬೇಕು, ಪರಾಕಾಷ್ಠೆ ಬಂದಿತೆಂಬುದು ಅದನ್ನು ದಾಟಿದ ಮೇಲಷ್ಟೇ ತಿಳಿಯುವುದರಿಂದ ಹಿಂದಿರುಗಿ ಬರಬೇಕು. ತಂಬೂರಿಯ ಬಿರಡೆಯನ್ನು ತಿರುಗಿಸುವವರು ಶ್ರುತಿಯನ್ನು ಕೊಂಚ ಮೀರಿ ಹೋಗಿ ಮತ್ತೆ ಹಿಂದಕ್ಕೆ ತರುವಂತಹುದೇ ಈ ಕ್ರಮ. ಸ್ಥಿರಚಿತ್ರದಲ್ಲಿ ಯಾರ ಗಮನಕ್ಕೂ ಬಾರದ ಈ ಹೋಗಿಬರುವಿಕೆ ವಿಡಿಯೋದಲ್ಲಿ ಅಚ್ಚಾಗಿ ಉಳಿಯುತ್ತದೆ.

ಎರಡನೆಯ ವಿಧಾನದಲ್ಲಿ ಮಸೂರದ ಎಡ ಅರ್ಧದಿಂದ ಬಂದ ಬೆಳಕಿನಿಂದ ಒಂದು, ಬಲ ಅರ್ಧದಿಂದ ಬಂದ ಬೆಳಕಿನಿಂದ ಇನ್ನೊಂದು, ಹೀಗೆ ಎರಡು ಬಿಂಬಗಳನ್ನು ಪಡೆದು ಅವು ಒಂದಕ್ಕೊಂದು ಎಷ್ಟು ಪಕ್ಕಕ್ಕೆ ಸರಿದಿವೆಯೆಂದು ಅಳೆಯುತ್ತಾರೆ. ಈ ಅಳತೆಯಿಂದ ಮಸೂರವು ಯಾವ ದಿಕ್ಕಿಗೆ, ಎಷ್ಟು ಚಲಿಸಬೇಕೆಂಬುದು ಮೊದಲೇ ಗೊತ್ತಾಗುವುದರಿಂದ ತಡಕಾಡುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಕ್ಯಾನನ್ ಸಂಸ್ಥೆ 2013ರಲ್ಲಿ ಹೊರತಂದ 70ಡಿ ಕ್ಯಾಮೆರಾದಲ್ಲಿ ಈ ಅಳತೆಯ ಕೆಲಸವನ್ನು ಚಿತ್ರಗ್ರಾಹಿ ಸಂವೇದಕದ ಬಿಂದುಗಳಿಗೇ ವಹಿಸಿಕೊಟ್ಟ ಮೇಲೆ, ವಿಡಿಯೋದಲ್ಲಿ ಆಟೋಫೋಕಸನ್ನು ನೆಚ್ಚಬಹುದೆಂಬ ಧೈರ್ಯ ಅನೇಕರಿಗೆ ಬಂದಿತು.

ಹಾಗಿದ್ದೂ ಬಳೆಯ ಅಂಗಡಿಯಲ್ಲಿ ಅದು ಎಡವುವುದೇಕೆ? ಎಡಬಲಕ್ಕೆ ಸರಿದ ಬಿಂಬಗಳನ್ನು ಹೋಲಿಸುವ ಸಂವೇದಕಕ್ಕೆ ಲಂಬವಾದ ಗೆರೆಗಳು ಬೇಕು. ಅಡ್ಡಗೆರೆಯನ್ನು ಎಡಕ್ಕೆ ಸರಿಸಿದರೂ ಬಲಕ್ಕೆ ಸರಿಸಿದರೂ ಅದು ಇದ್ದಂತೆಯೇ ಕಾಣುವುದರಿಂದ ಅಳೆಯುವುದಕ್ಕೆ ಏನೂ ಸಿಕ್ಕುವುದಿಲ್ಲ. ಒಂದರ ಮೇಲೊಂದು ಪೇರಿಸಿಟ್ಟ ಬಳೆಗಳ ರಾಶಿಯೆಂದರೆ ಮುಂದಿನಿಂದ ನೋಡುವವರಿಗೆ ಬರಿಯ ಅಡ್ಡಗೆರೆಗಳ ಸಾಲಷ್ಟೆ. ಅದೇ ಬಳೆಗಳನ್ನು ಅಡ್ಡಕೋಲಿಗೆ ಪೋಣಿಸಿಟ್ಟಾಗ ಗೆರೆಗಳು ಲಂಬವಾಗುತ್ತವೆ, ಕ್ಯಾಮೆರಾ ಒಡನೆಯೇ ಫೋಕಸ್ ಹಿಡಿಯುತ್ತದೆ. ದೋಷ ಇದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಕ್ಯಾಮೆರಾವನ್ನು ಕೆಲವು ಡಿಗ್ರಿಗಳಷ್ಟು ಓರೆಮಾಡಿದರೆ ಸಾಕು. ತಡಕಾಟ ಥಟ್ಟನೆ ನಿಂತರೆ ಸಂದೇಹಕ್ಕೆ ಎಡೆಯಿಲ್ಲ. ಆಗ ಫೋಕಸ್ ಚೌಕವನ್ನು ರಾಶಿಯ ನಡುವಿನಿಂದ ಅದರ ಪಕ್ಕದ ಅಂಚಿಗೆ ಸರಿಸಿಕೊಳ್ಳಬೇಕು. ಇದರ ಮೇಲೆ ಹರಳುಗಳ ಮಿನುಗು ಬೇರೆ: ಫೋಕಸ್ ತಪ್ಪಿದಾಗ ಬೆಳಕಿನ ಪ್ರತಿಯೊಂದು ಚುಕ್ಕೆಯೂ ಸ್ಪಷ್ಟವಾದ ಅಂಚುಳ್ಳ ಒಂದು ಬಿಲ್ಲೆಯಾಗಿ ಹಿಗ್ಗುವುದರಿಂದ, ವ್ಯತ್ಯಾಸವನ್ನು ಅಳೆಯುವ ಯಂತ್ರವು ಆ ಅಂಚನ್ನೇ ವಸ್ತುವೆಂದು ಭ್ರಮಿಸಬಲ್ಲುದು.

ಇನ್ನು ಬ್ರೀದಿಂಗಿನ ವಿಚಾರ. ಇದು ಸಂವೇದಕದ ದೋಷವಲ್ಲ, ಮಸೂರದ ಸ್ವಭಾವ. ಗಾಜಿನ ಇಡೀ ಗುಂಪೇ ಮುಂದೆ ಸರಿದು ಹತ್ತಿರದ ವಸ್ತುವಿಗೆ ಫೋಕಸ್ ಹಿಡಿಯುವ ಸಾದಾ ರಚನೆಯ, 50 ಮಿಲಿಮೀಟರ್ ಸಂಗಮದೂರದ ಮಸೂರವೊಂದನ್ನು ತೆಗೆದುಕೊಳ್ಳೋಣ. ಕುಶಲಕರ್ಮಿಯ ಮುಖ ಒಂದೂವರೆ ಮೀಟರ್ ದೂರದಲ್ಲಿದ್ದಾಗ ಮಸೂರಕ್ಕೂ ಸಂವೇದಕಕ್ಕೂ ನಡುವಣ ಅಂತರ ಸುಮಾರು 51.7 ಮಿಲಿಮೀಟರ್, ಅವರು ಮುಂದೆ ಚಾಚಿ ತೋರಿಸುವ ಬಳೆ ಅರ್ಧ ಮೀಟರ್ ದೂರದಲ್ಲಿದ್ದರೆ ಆ ಅಂತರ ಸುಮಾರು 55.6 ಮಿಲಿಮೀಟರ್. ಅಂತರ ಬೆಳೆದಂತೆ ಬಿಂಬ ದೊಡ್ಡದಾಗಿ ದೃಷ್ಟಿಕ್ಷೇತ್ರ ಶೇಕಡಾ 7ರಷ್ಟು ಕಿರಿದಾಗುತ್ತದೆ. 1920 ಬಿಂದುಗಳ ಅಗಲದ ಚಿತ್ರದಲ್ಲಿ ಎರಡು ಪಕ್ಕಗಳಿಂದಲೂ ಸುಮಾರು 65 ಬಿಂದುಗಳಷ್ಟು ದೃಶ್ಯ ಹೊರಗೆ ಜಾರಿತೆಂದು ಇದರ ಅರ್ಥ. ಒಳಗಿನ ಗಾಜುಗಳನ್ನು ಮಾತ್ರ ಸರಿಸುವ ಮಸೂರಗಳಲ್ಲಿ ಸಂಗಮದೂರವೇ ಬದಲಾಗುವುದರಿಂದ, ಹತ್ತಿರಕ್ಕೆ ಬಂದಾಗ ಕ್ಷೇತ್ರವು ಕಿರಿದಾಗುವುದಕ್ಕೆ ಬದಲಾಗಿ ಅಗಲವಾಗುವುದೂ ಉಂಟು.

ತಡಕಾಟವು ಅಸಹ್ಯವೆನಿಸುವುದು ಇಲ್ಲಿಯೇ. ಮಸೂರ ಹಿಂದುಮುಂದು ಹೊಯ್ದಾಡಿದಾಗ ಮಸುಕು ಅಲ್ಪವಾಗಿದ್ದು ಕಣ್ಣಿಗೆ ಬೀಳದಿರಬಹುದು. ಆದರೆ ಚೌಕಟ್ಟಿನ ಅಂಚಿನಲ್ಲಿರುವ ಅಂಗಡಿಯ ಕಂಬವೂ ದೀಪವೂ ಒಳಹೊರಗೆ ತುಯ್ಯುತ್ತಿದ್ದರೆ, ಕಾರಣವನ್ನರಿಯದ ಪ್ರೇಕ್ಷಕನಿಗೂ ಏನೋ ಕೆಟ್ಟಿದೆಯೆಂಬುದು ತಿಳಿಯುತ್ತದೆ. ಆದುದರಿಂದ ಬ್ರೀದಿಂಗ್ ಹೆಚ್ಚಾಗಿರುವ ಮಸೂರದಲ್ಲಿ ಹಂಟಿಂಗನ್ನು ತಡೆಯುವ ಎಚ್ಚರವೂ ಹೆಚ್ಚಾಗಿರಬೇಕು.

ಅದಕ್ಕೆ ಕ್ಯಾಮೆರಾದಲ್ಲಿ ಎರಡು ಹಿಡಿಗಳಿವೆ. ಇವೆರಡನ್ನೂ ಒಂದೆಂದು ತಿಳಿದು ಕೆಡಿಸಿಕೊಳ್ಳುವವರೇ ಬಹಳ. ಸೋನಿಯ ಕ್ಯಾಮೆರಾಗಳಲ್ಲಿ AF Subj. Shift Sens. ಎಂಬುದು, ಹಿಡಿದಿರುವ ವಸ್ತುವನ್ನು ಬಿಟ್ಟು ಬೇರೊಂದಕ್ಕೆ ಹೋಗಲು ಕ್ಯಾಮೆರಾ ಎಷ್ಟು ಬೇಗ ಮನಸ್ಸು ಮಾಡಬೇಕೆಂಬುದನ್ನು 1ರಿಂದ 5ರವರೆಗೆ ನಿರ್ಧರಿಸುತ್ತದೆ. AF Transition Speed ಎಂಬುದು, ಹೊರಟ ಮೇಲೆ ಎಷ್ಟು ವೇಗದಿಂದ ಸಾಗಬೇಕೆಂಬುದನ್ನು 1ರಿಂದ 7ರವರೆಗೆ. ಕ್ಯಾನನ್‌ನಲ್ಲಿಯೂ ಇಂತಹುದೇ ಜೋಡಿಯಿದೆ. ಲಾಡ್ ಬಜಾರಿನ ಜನಸಂದಣಿಯಲ್ಲಿ ಯಾರಾದರೊಬ್ಬರು ಮಸೂರದ ಮುಂದೆ ಹಾದುಹೋಗುವುದು ಖಂಡಿತವಾದುದರಿಂದ ಮೊದಲನೆಯದನ್ನು 1 ಅಥವಾ 2ಕ್ಕೆ ಇಳಿಸುವುದು ಯುಕ್ತ. ಎರಡನೆಯದನ್ನು 2 ಅಥವಾ 3ಕ್ಕೆ ಇಟ್ಟರೆ ಮುಖದಿಂದ ಬಳೆಗೆ ಫೋಕಸ್ ನಿಧಾನವಾಗಿ ಹರಿದು ಬರುತ್ತದೆ. 1ಕ್ಕೆ ಇಳಿಸಿದರೆ ಮುಖವೂ ಅಲ್ಲದ ಬಳೆಯೂ ಅಲ್ಲದ ಮಸುಕಿನಲ್ಲಿ ಚಿತ್ರವು ದೀರ್ಘಕಾಲ ನಿಂತುಬಿಡುತ್ತದೆಂದು ನನ್ನ ಅಭಿಪ್ರಾಯ. ಕುಶಲಕರ್ಮಿ ಎದ್ದು ನಡೆಯತೊಡಗಿದರಂತೂ ಇಷ್ಟು ಮಂದವಾದ ವೇಗ ಅವರನ್ನು ಹಿಂಬಾಲಿಸಲಾರದು.

ಚಿತ್ರೀಕರಣದ ಕ್ರಮ ಹೀಗಿರಲಿ. ದೃಶ್ಯದ ಎಲ್ಲೆಡೆಯೂ ವಸ್ತುವನ್ನರಸುವ ವಿಶಾಲ ಕ್ಷೇತ್ರವನ್ನು ಬಿಟ್ಟು ಸಣ್ಣ ಚೌಕವನ್ನು ಆರಿಸಿ, ಮೊದಲು ಮುಖವನ್ನು ಹಿಡಿದು, ಬಳೆ ತನ್ನ ಸ್ಥಾನಕ್ಕೆ ಬಂದು ನಿಂತ ಮೇಲೆ ತೆರೆಯ ಮೇಲೆ ಅದನ್ನು ಬೆರಳಿನಿಂದ ಮುಟ್ಟಬೇಕು. ಎಫ್/1.8ರ ತೆರವಿನಲ್ಲಿ ಅರ್ಧ ಮೀಟರ್ ದೂರದ ಬಳೆಯ ಸುಮಾರು ಒಂದು ಸೆಂಟಿಮೀಟರ್ ಆಳವಷ್ಟೇ ಸ್ಫುಟವಾಗಿರುವುದು. ಎಫ್/4ಕ್ಕೆ ಬಂದರೆ ಎರಡು ಸೆಂಟಿಮೀಟರಿಗೆ ಮಿಗಿಲಾಗಿ, ಕೈ ಕೊಂಚ ಅಲುಗಿದರೂ ಮಸೂರ ಮತ್ತೆ ಹೊರಡಬೇಕಾಗುವುದಿಲ್ಲ. ಬೆಳಕು ಸಾಲದಿದ್ದರೆ ತೆರವನ್ನು ಹಿಗ್ಗಿಸುವುದಕ್ಕಿಂತ ಒಂದು ದೀಪವನ್ನು ಕೂಡಿಸುವುದೇ ಮೇಲು, ಏಕೆಂದರೆ ಮಬ್ಬುಬೆಳಕೇ ತಡಕಾಟದ ಮೊದಲ ಕಾರಣ.

2021ರಲ್ಲಿ ಬಂದ ಸೋನಿ ಆಲ್ಫಾ 7 IV ಕ್ಯಾಮೆರಾದಲ್ಲಿ ಬ್ರೀದಿಂಗನ್ನು ಸರಿದೂಗಿಸುವ ಏರ್ಪಾಡೂ ಇದೆ. ಅದು ದೃಷ್ಟಿಕ್ಷೇತ್ರ ಅತ್ಯಂತ ಕಿರಿದಾಗಿರುವ ಸ್ಥಿತಿಯನ್ನೇ ಅಳತೆಗೋಲಾಗಿಟ್ಟುಕೊಂಡು ಉಳಿದೆಲ್ಲ ಸ್ಥಿತಿಗಳಲ್ಲಿಯೂ ಚಿತ್ರದ ಅಂಚನ್ನು ಕತ್ತರಿಸಿ ಸಮಗೊಳಿಸುತ್ತದೆ. ಆದುದರಿಂದ ದೃಶ್ಯ ಸ್ವಲ್ಪ ಇಕ್ಕಟ್ಟಾಗುವುದು ಅನಿವಾರ್ಯ. ಮಸೂರದ ಲಕ್ಷಣಗಳು ಕ್ಯಾಮೆರಾಕ್ಕೆ ಮೊದಲೇ ತಿಳಿದಿರಬೇಕಾದುದರಿಂದ ಎಲ್ಲ ಮಸೂರಗಳೊಡನೆಯೂ ಇದು ನಡೆಯದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ಸ್ಥಳದಲ್ಲಿ ಸಭಾಂಗಣದ ಹಿಂದಿನಿಂದ ನಾಟಕವನ್ನು ಚಿತ್ರಿಸುವವರಿಗೆ ಇದರ ಅಗತ್ಯವೇ ಬೀಳದು: 12 ಮೀಟರಿನಿಂದ 15 ಮೀಟರಿಗೆ ಫೋಕಸ್ ಸರಿದರೆ ಅದೇ 50 ಮಿಲಿಮೀಟರ್ ಮಸೂರದ ಕ್ಷೇತ್ರದಲ್ಲಾಗುವ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿನಷ್ಟೂ ಇರುವುದಿಲ್ಲ. ಅಲ್ಲಿ ಭಯವಿರುವುದು ಅಂಕದ ಕೊನೆಗೆ ದೀಪಗಳು ಆರಿದಾಗ ಹಿಡಿಯಲು ಏನೂ ಕಾಣದೆ ಕ್ಯಾಮೆರಾ ತಡಕಾಡತೊಡಗುವುದರಲ್ಲಿ. ಅದಕ್ಕೆ, ರಂಗದ ನಡುವಿನಲ್ಲಿ ಫೋಕಸನ್ನು ಹಿಡಿದು, ನಾಟಕ ಮೊದಲಾಗುವ ಮುನ್ನವೇ ಆಟೋಫೋಕಸನ್ನು ನಿಲ್ಲಿಸಿಬಿಡತಕ್ಕದ್ದು.