ಅಜ್ಜಿ ಮೊದಲೋ, ಹುಡುಗ ಮೊದಲೋ?

ಒಂದೇ ಸಂಗತಿಯನ್ನು ಎರಡು ರೀತಿಯಲ್ಲಿ ಹೇಳಿ ನೋಡೋಣ.

‘ಅಜ್ಜಿ ಗುಂಡ್ಲುಪೇಟೆಯಿಂದ ಬೆಳಗ್ಗೆ ಹೊರಟ ಬಸ್ಸಿನಲ್ಲಿ ಬಂದ ಹುಡುಗನಿಗೆ ಊಟ ಹಾಕಿದಳು.’

‘ಗುಂಡ್ಲುಪೇಟೆಯಿಂದ ಬೆಳಗ್ಗೆ ಹೊರಟ ಬಸ್ಸಿನಲ್ಲಿ ಬಂದ ಹುಡುಗನಿಗೆ ಅಜ್ಜಿ ಊಟ ಹಾಕಿದಳು.’

ವ್ಯಾಕರಣದ ಲೆಕ್ಕದಲ್ಲಿ ಎರಡೂ ಸರಿ. ಆದರೆ ಮೊದಲನೆಯದನ್ನು ಓದುವಾಗ ಬೆಳಗ್ಗೆ ಹೊರಟದ್ದು ಅಜ್ಜಿಯೋ ಬಸ್ಸೋ ಎಂದು ಒಂದು ಕ್ಷಣ ತಡವರಿಸುತ್ತೇವೆ. ಅಜ್ಜಿಯನ್ನು ನೆನಪಿನಲ್ಲಿ ಹಿಡಿದುಕೊಂಡು, ಅವಳೇನು ಮಾಡಿದಳು ಎಂದು ತಿಳಿಯಲು ವಾಕ್ಯದ ಕೊನೆವರೆಗೆ ಕಾಯಬೇಕು. ಈ ಕಾಯುವಿಕೆಯನ್ನು ಸಂಖ್ಯೆಯಲ್ಲಿ ಅಳೆಯಬಹುದು. ಭಾಷಾವಿಜ್ಞಾನಿಗಳು ಅದನ್ನು ಅವಲಂಬನೆಯ ದೂರ ಎನ್ನುತ್ತಾರೆ.

ಅಳತೆ ಸುಲಭ. ವಾಕ್ಯದ ಪ್ರತಿ ಪದವೂ ಇನ್ನೊಂದು ಪದಕ್ಕೆ ಜೋತುಬಿದ್ದಿರುತ್ತದೆ. ‘ಬೆಳಗ್ಗೆ’ ಎಂಬುದು ‘ಹೊರಟ’ಕ್ಕೆ, ‘ಹೊರಟ’ ಎಂಬುದು ‘ಬಸ್ಸಿನಲ್ಲಿ’ಗೆ, ‘ಹುಡುಗನಿಗೆ’ ಎಂಬುದು ‘ಹಾಕಿದಳು’ಗೆ. ಕ್ರಿಯಾಪದವೊಂದಕ್ಕೆ ಮಾತ್ರ ಯಾವ ಆಸರೆಯೂ ಬೇಡ. ಪದಗಳಿಗೆ 1ರಿಂದ 9ರವರೆಗೆ ಸಂಖ್ಯೆ ಕೊಟ್ಟು, ಪ್ರತಿ ಪದ ತನ್ನ ಆಸರೆಯಿಂದ ಎಷ್ಟು ಹೆಜ್ಜೆ ದೂರವಿದೆ ಎಂದು ಎಣಿಸಿ ಕೂಡಿಸಬೇಕು. ‘ಗುಂಡ್ಲುಪೇಟೆಯಿಂದ’ ಶುರುವಾಗಿ ‘ಹುಡುಗನಿಗೆ’ ವರೆಗಿನ ಆರು ಪದಗಳ ಗುಂಪಿನೊಳಗಿನ ದೂರ ಎರಡೂ ವಾಕ್ಯದಲ್ಲಿ 6. ವ್ಯತ್ಯಾಸವೆಲ್ಲ ಕ್ರಿಯಾಪದಕ್ಕೆ ನೇರವಾಗಿ ಸೇರುವ ಮೂರು ಪದಗಳದ್ದು. ಮೊದಲ ವಾಕ್ಯದಲ್ಲಿ ಅಜ್ಜಿಗೆ 8, ಹುಡುಗನಿಗೆ 2, ಊಟಕ್ಕೆ 1, ಒಟ್ಟು 17. ಎರಡನೆಯದರಲ್ಲಿ ಹುಡುಗನಿಗೆ 3, ಅಜ್ಜಿಗೆ 2, ಊಟಕ್ಕೆ 1, ಒಟ್ಟು 12. ಪದಗಳೂ ಸಂಬಂಧಗಳೂ ಅವೇ, ಐದು ಹೆಜ್ಜೆ ಉಳಿತಾಯ.

ಇಲ್ಲಿರುವ ಸೂತ್ರ ಇಷ್ಟೇ: ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಉದ್ದದ ಗುಂಪು ಮೊದಲು ಬಂದರೆ ಲಾಭ. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂಚೆಯೇ ಬಂದುಬಿಡುವುದರಿಂದ ಗಿಡ್ಡದ್ದು ಮೊದಲು, ಉದ್ದದ್ದು ಆಮೇಲೆ ಬಂದರೆ ಲಾಭ. ಅಭ್ಯಾಸಗಳು ಒಂದಕ್ಕೊಂದು ತದ್ವಿರುದ್ಧ, ಕಾರಣ ಮಾತ್ರ ಒಂದೇ. ಜಪಾನಿ ಭಾಷೆಯೂ ಕನ್ನಡದಂತೆ ಕ್ರಿಯಾಪದವನ್ನು ಕೊನೆಗಿಡುತ್ತದೆ. ಅದನ್ನಾಡುವವರು ವಾಕ್ಯ ಕಟ್ಟುವಾಗ ಉದ್ದದ್ದನ್ನೇ ಮುಂದೆ ತರುವ ಒಲವು ತೋರುತ್ತಾರೆ ಎಂದು ಯಮಷಿತಾ ಮತ್ತು ಚಾಂಗ್ 2001ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಭಾಷೆಗಳು ಈ ದೂರವನ್ನು ಕಡಿಮೆ ಇಡುತ್ತವೆ ಎಂಬ ವಾದದಲ್ಲಿ ನನಗೆ ಅತಿ ಗಟ್ಟಿ ಎನಿಸುವ ಭಾಗ ಇದು. ‘ಗಿಡ್ಡದ್ದು ಮೊದಲು’ ಎಂಬುದು ಎಲ್ಲ ಭಾಷೆಗೂ ಒಪ್ಪುವ ನಿಯಮವೆಂದು ಇಂಗ್ಲಿಷ್ ಒಂದನ್ನೇ ನೋಡಿದವರಿಗೆ ಅನಿಸಿಬಿಡಬಹುದಿತ್ತು.

ಆ ವಾದಕ್ಕೆ ದೊಡ್ಡ ಪರೀಕ್ಷೆ ಬಂದದ್ದು 2015ರಲ್ಲಿ. ಫುಟ್ರೆಲ್, ಮಹೋವಾಲ್ಡ್ ಮತ್ತು ಗಿಬ್ಸನ್ 37 ಭಾಷೆಗಳ ಟ್ರೀಬ್ಯಾಂಕ್‌ಗಳನ್ನು, ಅಂದರೆ ಪ್ರತಿ ಪದದ ಆಸರೆಯನ್ನು ಗುರುತು ಹಾಕಿಟ್ಟ ಪಠ್ಯಕೋಶಗಳನ್ನು, ಒಟ್ಟಿಗೆ ಅಳೆದರು. ತಮಿಳು, ತೆಲುಗು, ಹಿಂದಿ, ಬಂಗಾಳಿ, ಬಾಸ್ಕ್, ಅರಬ್ಬಿ, ಫಿನ್ನಿಷ್, ಜಪಾನಿ ಎಲ್ಲ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಪ್ರತಿ ವಾಕ್ಯದ ಸಂಬಂಧಗಳನ್ನು ಹಾಗೇ ಉಳಿಸಿಕೊಂಡು, ಪದಗಳ ಸಾಲನ್ನು ಮಾತ್ರ ಮತ್ತೆ ಮತ್ತೆ ಕಲಸಿ ಅಳೆದು, ನಿಜವಾದ ವಾಕ್ಯದೊಡನೆ ಹೋಲಿಸುವುದು ಅವರ ವಿಧಾನ. 37ರಲ್ಲಿಯೂ ನಿಜವಾದ ವಾಕ್ಯಗಳ ದೂರ, ಕಲಸಿದವುಗಳಿಗಿಂತ ಕಡಿಮೆಯೇ ಬಂತು.

ಕಲಸುವ ಕೆಲಸವನ್ನು ನಮ್ಮ ವಾಕ್ಯದ ಮೇಲೆ ಕೈಯಲ್ಲೇ ಮಾಡಬಹುದು. ಕ್ರಿಯಾಪದವನ್ನು ಕೊನೆಯಲ್ಲೇ ಬಿಟ್ಟು, ಹುಡುಗನ ಗುಂಪನ್ನು ಒಡೆಯದೆ ಹಾಗೇ ಇಟ್ಟುಕೊಂಡರೆ, ಹುಡುಗ, ಅಜ್ಜಿ, ಊಟ ಈ ಮೂರನ್ನು ಆರು ರೀತಿ ಜೋಡಿಸಬಹುದು. ಹುಡುಗ ಮೊದಲು ಬಂದ ಎರಡು ಜೋಡಣೆಗೆ 12, ನಡುವೆ ಬಂದ ಎರಡಕ್ಕೆ 17, ಕೊನೆಗೆ ಬಂದ ಎರಡಕ್ಕೆ 22. ಸರಾಸರಿ 17. ಅಂದರೆ ಅಜ್ಜಿಯಿಂದ ಶುರುವಾದ ವಾಕ್ಯ ಕಣ್ಣುಮುಚ್ಚಿ ಜೋಡಿಸಿದಷ್ಟೇ ಒಳ್ಳೆಯದು. ಹುಡುಗನಿಂದ ಶುರುವಾದದ್ದು ಸಾಧ್ಯವಿರುವುದರಲ್ಲೆಲ್ಲ ಅಗ್ಗದ್ದು.

ಇಲ್ಲೇ ಎಡವುವುದೂ ಸುಲಭ. ‘ಊಟ ಹಾಕು’ ಎಂಬುದು ಹೆಚ್ಚುಕಡಿಮೆ ಒಂದೇ ಮಾತು, ‘ಊಟ’ ಹೇಗೂ ಕ್ರಿಯಾಪದದ ಪಕ್ಕದಲ್ಲೇ ಕೂರುತ್ತದೆ. ಅದನ್ನು ನಿಯಮದ ಗೆಲುವು ಎಂದು ಲೆಕ್ಕ ಹಾಕಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಅದನ್ನು ಬದಿಗಿಟ್ಟರೆ ಉಳಿಯುವುದು ಎರಡೇ ಜೋಡಣೆ, 12 ಮತ್ತು 17. ಒಂದು ವಾಕ್ಯ ಯಾವ ಕಡೆ ಬಿದ್ದರೂ ಅದರಿಂದ ಏನೂ ಸಾಬೀತಾಗದು. ಹುಡುಗನ ಸುದ್ದಿ ಆಗಲೇ ನಡೆದಿದ್ದರೆ ಅವನೇ ಮೊದಲು ಬರುತ್ತಾನೆ, ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ನೂರಾರು ವಾಕ್ಯ ಬೇಕು. ಕ್ರಿಯಾಪದಕ್ಕೆ ಮುಂಚೆ ಕರ್ತೃ, ಕರ್ಮ ಎರಡೂ ಇರುವ ವಾಕ್ಯಗಳನ್ನು ಆರಿಸಿ, ಎರಡರ ಉದ್ದದ ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ವ್ಯತ್ಯಾಸ ಒಂದು ಪದದಷ್ಟಿದ್ದಾಗ ಒಲವು ಮಸುಕಾಗಿರುತ್ತದೆ. ವ್ಯತ್ಯಾಸ ಮೂರು, ಐದು, ಎಂಟು ಪದಕ್ಕೆ ಏರಿದಂತೆ ಉದ್ದದ್ದು ಮೊದಲು ಬರುವ ಪ್ರಮಾಣವೂ ಏರುತ್ತಾ ಹೋದರೆ ನಿಯಮ ನಿಜವಾಗಿ ಕೆಲಸ ಮಾಡುತ್ತಿದೆ ಎನ್ನಬಹುದು. ಏರದಿದ್ದರೆ ಕಾರಣ ಬೇರೆ.

ಕೆಲಸದ ದೃಷ್ಟಿಯಿಂದ ಇನ್ನೆರಡು ಎಚ್ಚರಿಕೆ. ಟ್ರೀಬ್ಯಾಂಕ್‌ಗಳಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುತ್ತಾರೆ. ಅವನ್ನು ತೆಗೆದು ಪದಗಳಿಗೆ ಹೊಸದಾಗಿ ಸಂಖ್ಯೆ ಹಾಕದಿದ್ದರೆ ನಡುವಿನ ಒಂದು ಅಲ್ಪವಿರಾಮವೇ ದೂರವನ್ನು ಹಿಗ್ಗಿಸುತ್ತದೆ. ಎರಡನೆಯದಾಗಿ, ಒಂದು ಭಾಷೆಯ ಸರಾಸರಿಯನ್ನು ಇನ್ನೊಂದರ ಸರಾಸರಿಯ ಪಕ್ಕಕ್ಕಿಟ್ಟು ತೀರ್ಪು ಕೊಡಬಾರದು. ‘ಬಸ್ಸಿನಲ್ಲಿ’ ನಮಗೆ ಒಂದು ಪದ, ಹಿಂದಿಯಲ್ಲಿ ‘ಬಸ್ ಮೇಂ’ ಎರಡು. ಪ್ರತಿ ಭಾಷೆಯನ್ನು ಅದರದೇ ಕಲಸಿದ ವಾಕ್ಯಗಳೊಡನೆ ಹೋಲಿಸುವುದು ಇದೇ ಕಾರಣಕ್ಕೆ. ಅಷ್ಟಾದರೂ 2015ರ ಅಧ್ಯಯನದಲ್ಲಿ ಜಪಾನಿ, ಕೊರಿಯನ್, ತುರ್ಕಿಯಂಥ ಕ್ರಿಯಾಪದ ಕೊನೆಗಿರುವ ಭಾಷೆಗಳ ದೂರ ಬೇರೆಯವಕ್ಕಿಂತ ಹೆಚ್ಚಾಗಿ ಕಂಡಿತು. ವಿಭಕ್ತಿ ಪ್ರತ್ಯಯಗಳು ಯಾರು ಯಾರಿಗೆ ಎಂಬುದನ್ನು ಮೊದಲೇ ಹೇಳಿಬಿಡುವುದರಿಂದ ಅಂಥ ಭಾಷೆಗಳಿಗೆ ದೂರ ಅಷ್ಟು ಭಾರವಾಗುವುದಿಲ್ಲವೇನೋ ಎಂಬ ಊಹೆಯಿದೆ. ನನಗದು ಒಪ್ಪುವಂತೆ ತೋರಿದರೂ, ಅದು ಇನ್ನೂ ಊಹೆಯೇ.

ಅದಕ್ಕಿಂತ ಹತ್ತಿರದ ಪ್ರಶ್ನೆ, ನಾವು ಯಾವ ಕನ್ನಡವನ್ನು ಅಳೆಯುತ್ತೇವೆ ಎಂಬುದು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮನೆಯಂಗಳದಲ್ಲಿ ಆ ವಾಕ್ಯ ಹೀಗೂ ಬರುತ್ತದೆ: ‘ಗುಂಡ್ಲುಪೇಟೆಯಿಂದ ಬೆಳಗ್ಗೆ ಹೊರಟ ಬಸ್ಸಲ್ಲಿ ಬಂದ ಹುಡುಗನಿಗೆ ಊಟ ಹಾಕುದ್ಲು ನಮ್ಮಜ್ಜಿ.’ ಅಜ್ಜಿ ಕ್ರಿಯಾಪದದಿಂದಾಚೆಗೆ ಜಿಗಿದಳು. ಈಗ ಹುಡುಗನಿಗೆ 2, ಊಟಕ್ಕೆ 1, ಅಜ್ಜಿಗೆ 1, ಗುಂಪಿನೊಳಗೆ 6; ಒಟ್ಟು 10. ಬರಹದ ಕನ್ನಡದ ಅತಿ ಒಳ್ಳೆಯ ಜೋಡಣೆಗಿಂತಲೂ ಎರಡು ಕಡಿಮೆ. ಹಾಗೆಂದು ಏನನ್ನಾದರೂ ಹಿಂದಕ್ಕೆ ತಳ್ಳಿದರೆ ಲಾಭವಿಲ್ಲ. ‘ಅಜ್ಜಿ ಊಟ ಹಾಕುದ್ಲು’ ಎಂದು ಮುಗಿಸಿ, ಹುಡುಗನ ಉದ್ದ ಗುಂಪನ್ನೇ ಕೊನೆಗೆ ಸೇರಿಸಿದರೆ ಲೆಕ್ಕ 15ಕ್ಕೆ ಏರುತ್ತದೆ. ಏಕೆಂದರೆ ಆ ಗುಂಪಿನ ಮುಖ್ಯ ಪದವಾದ ‘ಹುಡುಗನಿಗೆ’ ಅದರ ತುದಿಯಲ್ಲಿದೆ, ಕ್ರಿಯಾಪದದಿಂದ ಆರು ಹೆಜ್ಜೆ ಆಚೆ. ಹಾಗಾಗಿ ನಿಯಮದ ಪ್ರಕಾರ ಕ್ರಿಯಾಪದದ ಹಿಂದೆ ಬೀಳಬೇಕಾದದ್ದು ‘ನಮ್ಮಜ್ಜಿ’, ‘ಅವನು’, ‘ನಿನ್ನೆ’ಯಂಥ ಗಿಡ್ಡ ಪದಗಳು. ಇದು ಹೌದೋ ಅಲ್ಲವೋ ಎಂದು ನೋಡಲು ಸುದ್ದಿಪತ್ರಿಕೆಯ ಪಠ್ಯಕೋಶ ಸಾಲದು. ಸಂಪಾದಕನ ಕೈ ಇಂಥ ಜಿಗಿತವನ್ನೆಲ್ಲ ಮೊದಲೇ ಸರಿಪಡಿಸಿರುತ್ತದೆ. ಲಿಖಿತ ಪಠ್ಯದಿಂದಷ್ಟೇ ಕಟ್ಟಿದ ಟ್ರೀಬ್ಯಾಂಕ್ ಕನ್ನಡದ ದೂರವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಿಬಿಡಬಹುದು.

ಚಾಮರಾಜನಗರ, ಗುಂಡ್ಲುಪೇಟೆಯ ಕಾಲೇಜುಗಳಲ್ಲಿ ಕನ್ನಡ ಓದುತ್ತಿರುವವರು ಒಪ್ಪಿಗೆ ಪಡೆದು ಮನೆಯವರ ಮಾತನ್ನು ಧ್ವನಿಮುದ್ರಿಸಿ, ಇನ್ನೂರು ವಾಕ್ಯಕ್ಕೆ ಪದ-ಆಸರೆ ಗುರುತು ಹಾಕಿದರೆ ಸಾಕು, ಮೊದಲ ಪರೀಕ್ಷೆ ಶುರುವಾಗುತ್ತದೆ. ಬರೆದುಕೊಳ್ಳುವಾಗ ವಾಕ್ಯವನ್ನು ತಿದ್ದಬೇಡಿ. ಅಜ್ಜಿ ಎಲ್ಲಿ ಬಂದಳೋ ಅಲ್ಲೇ ಬಿಡಿ.